ಜನಸಂದಣಿಯಲ್ಲಿ ಮೊಬೈಲ್ ಜಾಲದ ದಟ್ಟಣೆ

ಮೊಬೈಲ್ ಜಾಲದ ದಟ್ಟಣೆ ಎಂದರೆ ಒಂದೇ ಸ್ಥಳದಲ್ಲಿ ಒಂದೇ ಹೊತ್ತಿಗೆ ಬಹಳ ಮಂದಿ ಮೊಬೈಲ್ ಬಳಸಿದಾಗ, ಅಲ್ಲಿನ ಟವರಿನ ಸಾಮರ್ಥ್ಯ ಸಾಲದೆ ಡೇಟಾ ವೇಗ ಕುಸಿಯುವ ಸ್ಥಿತಿ. ಜಾತ್ರೆ, ಮದುವೆ, ಕ್ರೀಡಾಂಗಣಗಳಲ್ಲಿ ಇದು ಸಾಮಾನ್ಯವಾಗಿ ಕಂಡುಬರುತ್ತದೆ. ಫೋನಿನ ಪರದೆಯಲ್ಲಿ ಸಿಗ್ನಲ್ ಗೆರೆಗಳು ಪೂರ್ಣವಾಗಿದ್ದರೂ ಚಿತ್ರ ಹೋಗುವುದಿಲ್ಲ, ಹಣ ಪಾವತಿಯಾಗುವುದಿಲ್ಲ. ಸಿಗ್ನಲ್ಲಿನ ಬಲ ಮತ್ತು ಟವರಿನ ಸಾಮರ್ಥ್ಯ ಎರಡೂ ಬೇರೆ ಬೇರೆ ಆಗಿರುವುದೇ ಇದಕ್ಕೆ ಕಾರಣ.

## ಸ್ಥಳೀಯ ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಪ್ರತಿವರ್ಷ ಫಾಲ್ಗುಣ ಮಾಸದಲ್ಲಿ ಗುರು ತಿಪ್ಪೇರುದ್ರಸ್ವಾಮಿಯ ದೊಡ್ಡ ರಥೋತ್ಸವ ನಡೆಯುತ್ತದೆ. ಲಕ್ಷಾಂತರ ಭಕ್ತರು ಸೇರುವ ಈ ಜಾತ್ರೆಗೆ ಕರ್ನಾಟಕದವರಲ್ಲದೆ ಗಡಿಯಾಚೆಯ ಆಂಧ್ರಪ್ರದೇಶದವರೂ ಬರುತ್ತಾರೆ. ಮುಕ್ತಿ ಬಾವುಟದ ಹರಾಜು ಮುಗಿದು ತೇರು ಕದಲುವ ಹೊತ್ತಿಗೆ ಬಹುತೇಕ ಎಲ್ಲರೂ ತೇರುಬೀದಿಯ ಸುತ್ತಲೇ ಇರುತ್ತಾರೆ, ಮತ್ತು ಹೆಚ್ಚಿನವರ ಕೈಯಲ್ಲಿ ಫೋನ್ ಇರುತ್ತದೆ. ವರ್ಷದ ಉಳಿದ ದಿನಗಳಲ್ಲಿ ಇದು ಒಂದು ಸಣ್ಣ ಊರು. ಅಲ್ಲಿನ ಟವರುಗಳೂ ಆ ಅಳತೆಗೆ ತಕ್ಕಂತೆಯೇ ಇರುತ್ತವೆ.

ದೂರವಾಣಿ ಜಾಲವನ್ನು ಎಷ್ಟು ದೊಡ್ಡದಾಗಿ ಕಟ್ಟಬೇಕೆಂಬ ಲೆಕ್ಕಾಚಾರಕ್ಕೆ ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್ 1909ರಲ್ಲಿ ಅಡಿಪಾಯ ಹಾಕಿದನು. ಎಲ್ಲ ಚಂದಾದಾರರೂ ಒಮ್ಮೆಲೇ ಮಾತನಾಡುವುದಿಲ್ಲ, ಆದ್ದರಿಂದ ದಿನದ ಅತ್ಯಂತ ಬಿಡುವಿಲ್ಲದ ವೇಳೆಯ ಬೇಡಿಕೆಗೆ ತಕ್ಕಷ್ಟು ಸಾಮರ್ಥ್ಯವಿದ್ದರೆ ಸಾಕು ಎಂಬುದು ಆ ವಿಚಾರದ ತಿರುಳು. ಇಂದಿನ ಮೊಬೈಲ್ ಜಾಲವೂ ಇದೇ ನೆಲೆಯ ಮೇಲೆ ನಿಂತಿದೆ. ಜಾತ್ರೆಯ ದಿನ ಈ ಊಹೆಯೇ ಮುರಿದುಬೀಳುತ್ತದೆ.

## ಟವರ್ ಹಂಚಿಕೊಡುವ ಬಗೆ

ಒಂದು ಟವರಿನ ಸುತ್ತಲಿನ ಪ್ರದೇಶವನ್ನು ಸಾಮಾನ್ಯವಾಗಿ ಮೂರು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೆ ಬೇರೆ ಆಂಟೆನಾ ಇರಿಸುತ್ತಾರೆ. ಒಂದು ವಲಯದೊಳಗಿನ ಎಲ್ಲ ಫೋನುಗಳೂ ಒಂದೇ ತರಂಗಪಟ್ಟಿಯನ್ನು ಹಂಚಿಕೊಳ್ಳುತ್ತವೆ. 4ಜಿ ವ್ಯವಸ್ಥೆಯಲ್ಲಿ 10 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು 50 ಸಣ್ಣ ತುಂಡುಗಳಾಗಿ ಕತ್ತರಿಸಲಾಗುತ್ತದೆ. ಯಾವ ತುಂಡು ಯಾವ ಫೋನಿಗೆ ಎಂಬುದನ್ನು ಟವರಿನ ಯಂತ್ರವು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೊಮ್ಮೆ ಹೊಸದಾಗಿ ನಿರ್ಧರಿಸುತ್ತದೆ.

ಇದು ದಾಸೋಹದ ಪಂಕ್ತಿಯಲ್ಲಿ ಒಬ್ಬನೇ ಬಡಿಸುವುದನ್ನು ಹೋಲುತ್ತದೆ. ಕುಳಿತವರು ಹತ್ತು ಮಂದಿಯಾದರೆ ಅವನು ಮತ್ತೆ ಮತ್ತೆ ಬಂದು ಬಡಿಸಬಲ್ಲ. ಇನ್ನೂರು ಮಂದಿಯಾದರೆ ಅವನ ಕೈಯ ವೇಗ ಅಷ್ಟೇ ಇದ್ದರೂ ಒಬ್ಬೊಬ್ಬರ ಸರದಿ ಬಹಳ ಹೊತ್ತಿನ ಮೇಲೆ ಬರುತ್ತದೆ. ಫೋನಿನ ಸಿಗ್ನಲ್ ಗೆರೆಗಳು ಟವರಿನ ಸಂಕೇತ ಎಷ್ಟು ಬಲವಾಗಿ ಕೇಳಿಸುತ್ತಿದೆ ಎಂಬುದನ್ನು ಮಾತ್ರ ತೋರಿಸುತ್ತವೆ. ಪಂಕ್ತಿಯಲ್ಲಿ ಎಷ್ಟು ಮಂದಿ ಕುಳಿತಿದ್ದಾರೆ ಎಂಬುದನ್ನು ಅವು ಹೇಳುವುದಿಲ್ಲ.

## ಒಂದು ಲೆಕ್ಕ

ತೇರುಬೀದಿಯನ್ನು ನೋಡುವ ಒಂದು ವಲಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಲ್ಲಿನ ಜನಸಂಖ್ಯೆ ಕೇವಲ ವಿವರಣೆಗಾಗಿ ಇಟ್ಟುಕೊಂಡದ್ದು. 10 ಮೆಗಾಹರ್ಟ್ಸ್ ಪಟ್ಟಿಯಿಂದ ಒಂದು ವಲಯಕ್ಕೆ ವಾಸ್ತವದಲ್ಲಿ ಸರಾಸರಿ ಸೆಕೆಂಡಿಗೆ 15 ಮೆಗಾಬಿಟ್‌ನಷ್ಟು ಡೇಟಾ ಫೋನುಗಳಿಗೆ ಇಳಿಯುತ್ತದೆ ಎನ್ನೋಣ. ಸಾಮಾನ್ಯ ದಿನ 10 ಮಂದಿ ಏಕಕಾಲಕ್ಕೆ ಬಳಸಿದರೆ ತಲಾ 1.5 ಮೆಗಾಬಿಟ್ ಸಿಗುತ್ತದೆ. ವಿಡಿಯೊ ನೋಡಲು ಅದು ಸಾಕು.

ರಥೋತ್ಸವದ ದಿನ ಆ ವಲಯದಲ್ಲಿ 10,000 ಜನರಿದ್ದು, ಅವರಲ್ಲಿ 2,000 ಮಂದಿ ಆ ಕಂಪನಿಯ ಸಿಮ್ ಹೊಂದಿದ್ದು, ಹತ್ತರಲ್ಲೊಬ್ಬರು ಮಾತ್ರ ಆ ಕ್ಷಣ ಡೇಟಾ ಬಳಸುತ್ತಿದ್ದಾರೆಂದುಕೊಂಡರೂ 200 ಬಳಕೆದಾರರಾಗುತ್ತಾರೆ. ಆಗ ತಲಾ ಸಿಗುವುದು 75 ಕಿಲೋಬಿಟ್. ಅಂದರೆ ಮೊದಲಿನ ಇಪ್ಪತ್ತನೇ ಒಂದು ಭಾಗ.

ಜಾತ್ರೆಯಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಕಳುಹಿಸುವ ದಾರಿಯಲ್ಲಿದೆ. ಮನೆಯಲ್ಲಿ ಕುಳಿತವರು ಹೆಚ್ಚಾಗಿ ನೋಡುತ್ತಾರೆ; ಜಾತ್ರೆಗೆ ಬಂದವರು ಹೆಚ್ಚಾಗಿ ಕಳುಹಿಸುತ್ತಾರೆ. ಫೋನಿನ ಪ್ರಸಾರ ಶಕ್ತಿ ಸಾಮಾನ್ಯವಾಗಿ ಒಂದು ವಾಟ್‌ನ ಐದನೇ ಒಂದು ಭಾಗವಷ್ಟೆ. ಆದ್ದರಿಂದ ಮೇಲ್ಮುಖ ದಾರಿಯ ಸಾಮರ್ಥ್ಯ ಕೆಳಮುಖ ದಾರಿಗಿಂತ ಕಡಿಮೆ. ಅದು ಸೆಕೆಂಡಿಗೆ 6 ಮೆಗಾಬಿಟ್ ಎಂದಿಟ್ಟುಕೊಂಡರೆ 200 ಮಂದಿಗೆ ತಲಾ 30 ಕಿಲೋಬಿಟ್ ದೊರೆಯುತ್ತದೆ. 3 ಮೆಗಾಬೈಟಿನ ಒಂದು ಚಿತ್ರದಲ್ಲಿ 24 ಮೆಗಾಬಿಟ್ ಇರುತ್ತದೆ. ಅದು ಹೋಗಲು 800 ಸೆಕೆಂಡು, ಅಂದರೆ 13 ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ತೇರಿನ 15 ಮೆಗಾಬೈಟಿನ ವಿಡಿಯೊ ತಲುಪುವಷ್ಟರಲ್ಲಿ ಒಂದು ಗಂಟೆ ದಾಟಿರುತ್ತದೆ.

## ಸಂದಣಿಯಿಂದ ಹುಟ್ಟುವ ಸಂದಣಿ

ಡೇಟಾ ಕಳುಹಿಸುವ ಮೊದಲು ಫೋನು ಟವರಿನ ಗಮನ ಸೆಳೆಯಬೇಕು. ಇದಕ್ಕಾಗಿ 4ಜಿ ವ್ಯವಸ್ಥೆಯ ಪ್ರತಿ ವಲಯದಲ್ಲಿ 64 ಸಣ್ಣ ಕರೆ-ಸಂಕೇತಗಳಿವೆ, ಅವುಗಳಲ್ಲಿ ಕೆಲವು ಬೇರೆ ಕೆಲಸಗಳಿಗೆ ಮೀಸಲಾಗಿರುತ್ತವೆ. ಫೋನು ಉಳಿದವುಗಳಲ್ಲಿ ಒಂದನ್ನು ತಾನೇ ಆರಿಸಿ ಕಳುಹಿಸುತ್ತದೆ. ಅದೇ ಕ್ಷಣ ಇನ್ನೊಂದು ಫೋನು ಅದೇ ಸಂಕೇತವನ್ನು ಆರಿಸಿದ್ದರೆ ಎರಡೂ ಘರ್ಷಿಸುತ್ತವೆ. ಆಗ ಸ್ವಲ್ಪ ಕಾದು, ಶಕ್ತಿ ಹೆಚ್ಚಿಸಿಕೊಂಡು ಮತ್ತೆ ಪ್ರಯತ್ನಿಸುತ್ತವೆ. ಸಾವಿರಾರು ಫೋನುಗಳು ಹೀಗೆ ಮರುಯತ್ನ ಮಾಡತೊಡಗಿದರೆ ಘರ್ಷಣೆಗಳು ಇನ್ನೂ ಹೆಚ್ಚುತ್ತವೆ. ಬಳಕೆದಾರನು ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದರಿಂದಲೂ, ಫೋನನ್ನು ಆರಿಸಿ ಹೊತ್ತಿಸುವುದರಿಂದಲೂ ಈ ಹೊರೆಯೇ ಬೆಳೆಯುತ್ತದೆ. ಜಾತ್ರೆಯಲ್ಲಿ ಬ್ಯಾಟರಿ ಬೇಗ ಇಳಿಯುವುದಕ್ಕೂ ಇದು ಒಂದು ಕಾರಣ.

ಯುಪಿಐ ಪಾವತಿಗೆ ಬೇಕಾಗುವ ಡೇಟಾ ಅತ್ಯಲ್ಪ. ಆದರೂ ಅದು ಸಂದಣಿಯಲ್ಲಿ ವಿಫಲವಾಗುವುದು ಈ ಕಾರಣದಿಂದಲೇ. ಫೋನಿಗೂ ಬ್ಯಾಂಕಿನ ವ್ಯವಸ್ಥೆಗೂ ನಡುವೆ ನಿಗದಿತ ಸಮಯದೊಳಗೆ ಹಲವು ಸಂದೇಶಗಳು ಹೋಗಿಬರಬೇಕು. ಒಂದು ತಡವಾದರೂ ಪಾವತಿ ಅರ್ಧದಲ್ಲಿ ನಿಲ್ಲುತ್ತದೆ. ಅಂಗಡಿಯವರ ಬಳಿಯಿರುವ, ಹಣ ಬಂದುದನ್ನು ಕೂಗಿ ಹೇಳುವ ಪೆಟ್ಟಿಗೆಯಲ್ಲೂ ಒಂದು ಸಿಮ್ ಇರುತ್ತದೆ. ಅದೂ ಅದೇ ಟವರಿನ ಸರದಿಯಲ್ಲಿ ಕಾಯಬೇಕಾದುದರಿಂದ, ಹಣ ಜಮೆಯಾಗಿದ್ದರೂ ಪೆಟ್ಟಿಗೆ ಮೌನವಾಗಿರಬಹುದು. ಕಾರ, ಮಂಡಕ್ಕಿ, ಬಳೆ ಮಾರುವವರಿಗೂ ಕೊಳ್ಳುವವರಿಗೂ ವಾಗ್ವಾದ ಹುಟ್ಟುವುದು ಇಲ್ಲಿಯೇ. ಇಂತಹ ಹೊತ್ತಿನಲ್ಲಿ ಎರಡನೇ ಬಾರಿ ಹಣ ಕಳುಹಿಸುವ ಮೊದಲು ವಹಿವಾಟಿನ ಪಟ್ಟಿಯಲ್ಲಿ ಮೊದಲ ಪಾವತಿಯ ಸ್ಥಿತಿಯನ್ನು ನೋಡುವುದು ಅಗತ್ಯ.

4ಜಿ ಜಾಲದ ಧ್ವನಿ ಕರೆಗೆ ಡೇಟಾಕ್ಕಿಂತ ಹೆಚ್ಚಿನ ಆದ್ಯತೆಯಿದೆ, ಮತ್ತು ಒಂದು ಕರೆಗೆ ಸೆಕೆಂಡಿಗೆ ಕೆಲವು ಹತ್ತು ಕಿಲೋಬಿಟ್‌ಗಳು ಸಾಕು. ಆದುದರಿಂದ ಚಿತ್ರ ಹೋಗದ ಸ್ಥಳದಲ್ಲೂ ಕರೆ ಹೋಗುವ ಸಾಧ್ಯತೆ ಹೆಚ್ಚು. ಮಗು ತಪ್ಪಿಸಿಕೊಂಡಾಗ ಅಥವಾ ಯಾರಾದರೂ ಕುಸಿದು ಬಿದ್ದಾಗ ಸಂದೇಶ ಕಳುಹಿಸಿ ಕಾಯುವುದಕ್ಕಿಂತ ನೇರವಾಗಿ ಕರೆ ಮಾಡುವುದು ಮೇಲು. ತುರ್ತು ಸಂಖ್ಯೆ 112.

## ಮೊಳಕಾಲ್ಮುರು: ಬೆಟ್ಟ ಮತ್ತು ಕಲ್ಯಾಣಮಂಟಪ

ಪಕ್ಕದ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬಂಡೆಗಲ್ಲಿನ ಬೆಟ್ಟಗಳು ಹೆಚ್ಚು. ಅವು ಅಲೆಗಳನ್ನು ತಡೆಯುವುದರಿಂದ ಬೆಟ್ಟದ ಮರೆಯಲ್ಲಿ ಸಿಗ್ನಲ್ ಕ್ಷೀಣಿಸುತ್ತದೆ. ಅದೇ ತಡೆಯಿಂದ ದೂರದ ಟವರುಗಳ ಅಡ್ಡಿಯೂ ಕಡಿಮೆಯಾಗುತ್ತದೆ ಎಂಬುದು ಇದರ ಇನ್ನೊಂದು ಮುಖ.

ಮದುವೆಯಲ್ಲಿ ಸೇರುವವರು ಜಾತ್ರೆಗಿಂತ ಬಹಳ ಕಡಿಮೆ. ಆದರೆ ಕಾಂಕ್ರೀಟ್ ಗೋಡೆ ಮತ್ತು ತಗಡಿನ ಮಾಡು ಸಿಗ್ನಲನ್ನು ತಗ್ಗಿಸುತ್ತವೆ. ಸಿಗ್ನಲ್ ದುರ್ಬಲವಾದ ಫೋನಿಗೆ ಟವರು ನಿಧಾನವಾಗಿ, ತಪ್ಪಾಗದಂತೆ ಡೇಟಾ ಕೊಡಬೇಕಾಗುತ್ತದೆ. ಅದೇ ಒಂದು ಚಿತ್ರಕ್ಕೆ ಹೊರಗೆ ನಿಂತವನಿಗಿಂತ ಒಳಗೆ ಕುಳಿತವನು ಹಲವು ಪಟ್ಟು ಹೆಚ್ಚು ತುಂಡುಗಳನ್ನು ಬಳಸುತ್ತಾನೆ. ಹೀಗಾಗಿ ಮಂಟಪದೊಳಗಿನ ಕೆಲವು ನೂರು ಮಂದಿಯಿಂದ ಇಡೀ ವಲಯವೇ ನಿಧಾನವಾಗಬಹುದು. ದೂರದ ಬಂಧುಗಳಿಗೆ ಧಾರೆಯನ್ನು ನೇರವಾಗಿ ತೋರಿಸಬೇಕಾದಲ್ಲಿ ಫೈಬರ್ ಸಂಪರ್ಕವನ್ನು ಬಳಸಿದರೆ ಈ ತೊಡಕು ತಪ್ಪುತ್ತದೆ.

## ಗುರುತಿಸುವ ಬಗೆ

ಗೆರೆಗಳು ಒಂದೋ ಎರಡೋ ಇದ್ದು, ಜನವಿಲ್ಲದ ದಿನವೂ ಡೇಟಾ ನಿಧಾನವಾಗಿದ್ದರೆ ಅದು ಸಿಗ್ನಲ್ ಕೊರತೆ. ಗೆರೆಗಳು ತುಂಬಿದ್ದು, ಜಾತ್ರೆಯ ಸಂಜೆ ಡೇಟಾ ನಿಂತು, ನಸುಕಿನಲ್ಲಿ ಅದೇ ಜಾಗದಲ್ಲಿ ಸರಿಯಾಗಿ ಬಂದರೆ ಅದು ದಟ್ಟಣೆ. ಜನಸಂದಣಿಯಿಂದ ಒಂದು ಕಿಲೋಮೀಟರಿನಷ್ಟು ದೂರ ಸರಿದು ಬೇರೆ ಟವರಿನ ವ್ಯಾಪ್ತಿಗೆ ಹೋದಾಗ ವೇಗ ಮರಳಿದರೂ ಅದೇ ತೀರ್ಮಾನ.

ಕೆಲವೊಮ್ಮೆ ಅಡಚಣೆ ಗಾಳಿಯಲ್ಲಿರದೆ ಟವರಿನ ಹಿಂದೆ ಇರುತ್ತದೆ. ಟವರನ್ನು ಮುಖ್ಯ ಜಾಲಕ್ಕೆ ಜೋಡಿಸುವ ಫೈಬರ್ ಅಥವಾ ಮೈಕ್ರೋವೇವ್ ಕೊಂಡಿ ಕಿರಿದಾಗಿದ್ದರೆ, ಆ ಟವರಿನ ಮೂರೂ ವಲಯಗಳು, 4ಜಿ ಮತ್ತು 5ಜಿ ಎರಡೂ, ಒಟ್ಟಿಗೆ ನಿಧಾನವಾಗುತ್ತವೆ.

## ಪರಿಹಾರಗಳು ಮತ್ತು ಮಿತಿಗಳು

ಟವರಿನ ಶಕ್ತಿಯನ್ನು ಹೆಚ್ಚಿಸುವುದರಿಂದ ದಟ್ಟಣೆ ಕರಗುವುದಿಲ್ಲ. ವ್ಯಾಪ್ತಿ ಹಿಗ್ಗಿ ಪಂಕ್ತಿಗೆ ಇನ್ನಷ್ಟು ಮಂದಿ ಸೇರುತ್ತಾರೆ. ತರಂಗಪಟ್ಟಿಯನ್ನು ಮೂರು ಪಟ್ಟು ಅಗಲಿಸಿದರೆ ಸಾಮರ್ಥ್ಯವೂ ಸುಮಾರು ಮೂರು ಪಟ್ಟಾಗುತ್ತದೆ, ಆದರೆ ಮೇಲಿನ ಲೆಕ್ಕದಲ್ಲಿ ತಲಾ ಪಾಲು ಕುಸಿದದ್ದು ಇಪ್ಪತ್ತು ಪಟ್ಟು. ಉಳಿದ ಅಂತರವನ್ನು ತುಂಬುವುದು ವಲಯಗಳನ್ನು ಚಿಕ್ಕದಾಗಿಸಿ, ಅವುಗಳ ಸಂಖ್ಯೆ ಹೆಚ್ಚಿಸುವ ಕ್ರಮ. ಬಡಿಸುವವರನ್ನು ಹೆಚ್ಚಿಸಿದಂತೆ ಇದು.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಂತಹ ಸ್ಥಳದಲ್ಲಿ ವರ್ಷದಲ್ಲಿ ಹಲವು ಪಂದ್ಯಗಳು ನಡೆಯುತ್ತವೆ, ಪ್ರೇಕ್ಷಕರು ಕೂರುವ ಜಾಗವೂ ನಿಶ್ಚಿತ. ಅಂತಹ ಕ್ರೀಡಾಂಗಣಗಳಲ್ಲಿ ಒಂದೊಂದು ಗ್ಯಾಲರಿಗೆ ಒಂದೊಂದು ಕಿರಿದಾದ ವಲಯವನ್ನು ಶಾಶ್ವತವಾಗಿ ಅಳವಡಿಸುವುದು ಲಾಭದಾಯಕ. ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ವಾಹನದ ಮೇಲೆ ಕೂರಿಸಿದ ಸಂಚಾರಿ ಟವರನ್ನು ತರುವುದು ರೂಢಿ. ಅದಕ್ಕೆ ಸ್ಥಳಾನುಮತಿ, ಜನರೇಟರ್ ಮತ್ತು ಮುಖ್ಯ ಜಾಲದ ಕೊಂಡಿ ಮೊದಲೇ ಸಿದ್ಧವಾಗಿರಬೇಕು. ಅದರ ಆಂಟೆನಾವನ್ನು ತಗ್ಗಿಸಿ ನೆಲದತ್ತ ಬಾಗಿಸಿರಬೇಕು. ಇಲ್ಲದಿದ್ದರೆ ಹೊಸ ಟವರು ಅದೇ ತರಂಗಪಟ್ಟಿಯ ಹಳೆಯ ಟವರಿಗೆ ಅಡ್ಡಿಯಾಗಿ, ಎರಡರ ಸಾಮರ್ಥ್ಯವೂ ಕುಗ್ಗುತ್ತದೆ.

ಭಾರತದಲ್ಲಿ 2022ರ ಅಕ್ಟೋಬರ್ 1ರಂದು ಚಾಲನೆ ಪಡೆದ 5ಜಿ ಸೇವೆಯು ಹೆಚ್ಚು ಅಗಲವಾದ ತರಂಗಪಟ್ಟಿಗಳನ್ನು ಬಳಸಬಲ್ಲದು. ಅದರ ಆಂಟೆನಾಗಳು ಬೇರೆ ಬೇರೆ ದಿಕ್ಕಿನ ಹಲವು ಫೋನುಗಳಿಗೆ ಒಂದೇ ಹೊತ್ತಿಗೆ ಪ್ರತ್ಯೇಕ ಕಿರಣಗಳನ್ನು ಕಳುಹಿಸಬಲ್ಲವು. ಆದರೆ ಅದರ ಪೂರ್ಣ ಲಾಭ 5ಜಿ ಫೋನ್ ಇರುವವರಿಗೆ ಮಾತ್ರ. ಫೋನಿನ ಸ್ವಂತ ಪ್ರಸಾರ ಶಕ್ತಿ ಇಲ್ಲಿಯೂ ಅಲ್ಪವೇ ಆದುದರಿಂದ, ತೇರು ಎಳೆಯುವ ಹೊತ್ತಿನಲ್ಲಿ ಮೇಲ್ಮುಖ ದಾರಿಯ ಇಕ್ಕಟ್ಟು ಸಂಪೂರ್ಣವಾಗಿ ನೀಗುವುದಿಲ್ಲ.