₹499 ಅಲ್ಲ, ₹1,499

ಆಷಾಢದ ರಿಯಾಯಿತಿಗೆಂದು ಒಂದು ಸೀರೆ ಅಂಗಡಿಯವರು ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಟಾಗ್ರಾಮ್‌ನಲ್ಲಿ ಪೋಸ್ಟ್ ಹಾಕಿದರು ಎಂದಿಟ್ಟುಕೊಳ್ಳಿ. ಇಳಕಲ್ ಸೀರೆಗೆ ₹1,499 ಎಂದಿರಬೇಕಿತ್ತು. ಡಿಸೈನ್ ಮಾಡುವಾಗ ಮೊದಲಿನ ಒಂದು ಅಂಕಿ ಬಿಟ್ಟುಹೋಗಿ ₹499 ಆಗಿದೆ. ಅದೇ ಚಿತ್ರ ವಾಟ್ಸ್ಆ್ಯಪ್ ಗುಂಪುಗಳಿಗೂ ಹೋಗಿದೆ. ಹನ್ನೆರಡೂವರೆಗೆ ಮಾಲೀಕರ ಕಣ್ಣಿಗೆ ಬೀಳುವಷ್ಟರಲ್ಲಿ 12 ಜನ ಬುಕ್ ಮಾಡಿದ್ದಾರೆ, ಅವರಲ್ಲಿ ನಾಲ್ವರು ಹಣವನ್ನೂ ಕಳಿಸಿಬಿಟ್ಟಿದ್ದಾರೆ.

ಇಂಥ ಹೊತ್ತಿನಲ್ಲಿ ಕೈ ನೇರವಾಗಿ ಡಿಲೀಟ್ ಕಡೆ ಹೋಗುತ್ತದೆ. ಆದರೆ ಸ್ಕ್ರೀನ್‌ಶಾಟ್ ಆಗಲೇ ಹತ್ತಾರು ಫೋನುಗಳಲ್ಲಿದೆ. ಪೋಸ್ಟ್ ಮಾಯವಾದರೆ ತಿದ್ದುಪಡಿ ಹಾಕುವ ಜಾಗವೂ ಹೋಯಿತು, ಜೊತೆಗೆ ‘ಅಳಿಸಿ ನುಣುಚಿಕೊಂಡರು’ ಎಂಬ ಮಾತೂ ಬಂತು. ಹಾಗಾಗಿ ಅಳಿಸುವುದಕ್ಕಿಂತ ಮೊದಲು ಮಾಡಬೇಕಾದ್ದು, ದುಡ್ಡು ಕೊಟ್ಟು ಓಡಿಸುತ್ತಿರುವ ಜಾಹೀರಾತಿದ್ದರೆ ಅದನ್ನು ನಿಲ್ಲಿಸುವುದು. ತಪ್ಪನ್ನು ಹೊಸಬರಿಗೆ ತಲುಪಿಸಲು ಕೈಯಿಂದ ಖರ್ಚು ಮಾಡುವುದೆಂಥ ವ್ಯಾಪಾರ?

ತಿದ್ದುಪಡಿ ಬರೆಯುವ ಮುನ್ನ ಇನ್ನೊಂದು ತೀರ್ಮಾನವಾಗಬೇಕು: ಬುಕ್ ಮಾಡಿದವರಿಗೆ ಹಳೆಯ ಬೆಲೆಗೇ ಕೊಡುವುದೋ, ಇಲ್ಲವೋ? ಕಾನೂನಿನ ಸಾಮಾನ್ಯ ನಿಲುವಿನಲ್ಲಿ ಜಾಹೀರಾತಿನ ಬೆಲೆ ‘ಬಂದು ಕೇಳಿ’ ಎಂಬ ಆಹ್ವಾನ ಮಾತ್ರ, ಆ ಬೆಲೆಗೆ ಕೊಟ್ಟೇ ತೀರುತ್ತೇವೆ ಎಂಬ ಪ್ರಸ್ತಾವವಲ್ಲ. ಇದಕ್ಕೆ ಹತ್ತಿರದ ಒಂದು ಪ್ರಕರಣ ನಮ್ಮ ಮಡಿಕೇರಿಯದೇ. ಅಲ್ಲಿನ ಬಂಗಲೆಯೊಂದರ ಮಾರಾಟದ ಬಗ್ಗೆ ನಡೆದ ಮ್ಯಾಕ್‌ಫರ್ಸನ್–ಅಪ್ಪಣ್ಣ ವ್ಯಾಜ್ಯದಲ್ಲಿ, ‘ಹತ್ತು ಸಾವಿರಕ್ಕಿಂತ ಕಡಿಮೆಗೆ ಕೊಡುವುದಿಲ್ಲ’ ಎಂದು ಮಾಲೀಕರು ಹೇಳಿದ ಮಾತ್ರಕ್ಕೆ ಹತ್ತು ಸಾವಿರಕ್ಕೆ ಕೊಡಲು ಒಪ್ಪಿದಂತಾಗಲಿಲ್ಲ ಎಂದು 1951ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅಂಗಡಿಯವರು ಹಣ ಪಡೆದು ‘ಆರ್ಡರ್ ಖಚಿತ’ ಎಂದು ಉತ್ತರಿಸಿದ್ದರೆ ಆ ನೆಪ ಅಷ್ಟು ಸುಲಭವಾಗಿ ನಿಲ್ಲದು. ತಪ್ಪು ಬೆಲೆ ಗೊತ್ತಾದ ಮೇಲೂ ಅದನ್ನೇ ತೋರಿಸಿ ಜನರನ್ನು ಕರೆಯುತ್ತಿದ್ದರಂತೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅದು ದಾರಿತಪ್ಪಿಸುವ ಜಾಹೀರಾತು ಎನಿಸಿಕೊಳ್ಳಬಹುದು. ನಮ್ಮ ಅಂಗಡಿಯ ಲೆಕ್ಕ ಸರಳ. ಹನ್ನೆರಡೂ ಸೀರೆ ಹಳೆಯ ಬೆಲೆಗೇ ಕೊಟ್ಟರೆ ಸಾವಿರದಂತೆ ₹12,000 ಕಡಿಮೆ ಬರುತ್ತದೆ. ಅಷ್ಟು ತಡೆದುಕೊಳ್ಳಬಹುದು ಎಂದು ಮಾಲೀಕರು ನಿರ್ಧರಿಸಿದರು. ಬುಕ್ ಮಾಡಿದವರು 300 ಜನ ಆಗಿದ್ದರೆ ಉತ್ತರ ಬೇರೆಯಾಗುತ್ತಿತ್ತು, ಅದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ.

ಈಗ ಬರವಣಿಗೆ. ಅನೇಕರು ಬರೆಯುವುದು ಹೀಗೆ: ‘ಗ್ರಾಹಕರ ಗಮನಕ್ಕೆ. ತಾಂತ್ರಿಕ ದೋಷದಿಂದಾಗಿ ನಮ್ಮ ಹಿಂದಿನ ಪೋಸ್ಟಿನಲ್ಲಿ ಕೆಲವು ವ್ಯತ್ಯಾಸಗಳಾಗಿದ್ದು, ಉಂಟಾದ ಅನನುಕೂಲಕ್ಕೆ ವಿಷಾದಿಸುತ್ತೇವೆ.’ ಇದನ್ನು ಓದಿದವರಿಗೆ ಸೀರೆಗೆ ಎಷ್ಟು ಎಂಬುದು ಈಗಲೂ ತಿಳಿಯದು. ತಾಂತ್ರಿಕ ದೋಷ ಅಂತೂ ಯಾರೂ ನಂಬದ ಮಾತು. ಅಂಗಡಿಯವರು ಬರೆದದ್ದು ಇದು:

‘ತಿದ್ದುಪಡಿ: ಇಳಕಲ್ ಸೀರೆ ₹1,499. ಇಂದು ಬೆಳಿಗ್ಗೆ ₹499 ಎಂದು ತಪ್ಪಾಗಿ ಹಾಕಿದ್ದೆವು, ಕ್ಷಮಿಸಿ. ಮಧ್ಯಾಹ್ನ 1 ಗಂಟೆಯೊಳಗೆ ಬುಕ್ ಮಾಡಿದವರಿಗೆ ₹499ಕ್ಕೇ ಕೊಡುತ್ತೇವೆ. ನಾವೇ ಫೋನ್ ಮಾಡುತ್ತೇವೆ. ಉಳಿದ ಸೀರೆಗಳ ಬೆಲೆಯಲ್ಲಿ ಬದಲಾವಣೆ ಇಲ್ಲ.’

ಸರಿಯಾದ ಬೆಲೆ ಮೊದಲ ಸಾಲಿನಲ್ಲೇ ಇರುವುದಕ್ಕೆ ಕಾರಣವಿದೆ. ಫೀಡಿನಲ್ಲಿ ಕ್ಯಾಪ್ಷನ್‌ನ ಆರಂಭವಷ್ಟೇ ಕಾಣುತ್ತದೆ, ಉಳಿದದ್ದಕ್ಕೆ ಒತ್ತಿ ತೆರೆಯಬೇಕು. ತಪ್ಪು ಬೆಲೆಯನ್ನೂ ಒಮ್ಮೆ ಹೇಳಲೇಬೇಕು, ಇಲ್ಲದಿದ್ದರೆ ಬೆಳಿಗ್ಗೆ ನೋಡಿದವರಿಗೆ ಇದು ತಮಗೇ ಹೇಳಿದ್ದೆಂದು ಹೊಳೆಯುವುದಿಲ್ಲ. ಕೊನೆಯ ಸಾಲು ಚಿಕ್ಕದಾದರೂ ಫೋನ್ ಕರೆಗಳನ್ನು ಉಳಿಸುತ್ತದೆ, ಏಕೆಂದರೆ ಒಂದು ಬೆಲೆ ತಪ್ಪಾಯಿತೆಂದರೆ ಜನ ಎಲ್ಲವನ್ನೂ ಅನುಮಾನಿಸುತ್ತಾರೆ.

ಒಂದು ತೊಡಕು ಉಳಿಯುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಮೇಲೆ ಕ್ಯಾಪ್ಷನ್ ತಿದ್ದಬಹುದು, ಚಿತ್ರವನ್ನು ಬದಲಿಸಲಾಗದು. ಕೆಳಗೆ ಏನೇ ಬರೆದರೂ ಚಿತ್ರದಲ್ಲಿ ₹499 ದಪ್ಪಕ್ಷರದಲ್ಲಿ ಕೂತೇ ಇರುತ್ತದೆ. ಮೇಲಾಗಿ ಕ್ಯಾಪ್ಷನ್ ತಿದ್ದಿದರೆ ಹಿಂದೆ ನೋಡಿದವರಿಗೆ ಸೂಚನೆ ಹೋಗುವುದಿಲ್ಲ. ಆದ್ದರಿಂದ ಅದೇ ಮಾತನ್ನು ಕಾಮೆಂಟಿನಲ್ಲೂ ಪಿನ್ ಮಾಡಿ, ಸರಿಯಾದ ಬೆಲೆಯ ಹೊಸ ಚಿತ್ರವನ್ನು ಬೇರೆ ಪೋಸ್ಟಾಗಿ ಹಾಕಿ, ವಿಷಯ ತಲುಪಿದ ಮೇಲೆ ಹಳೆಯದನ್ನು ಆರ್ಕೈವ್‌ಗೆ ಸರಿಸುವುದು ವಾಸಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಸಂದೇಶ ತಿದ್ದಲು ಸಿಗುವುದು 15 ನಿಮಿಷ ಮಾತ್ರ, ಯಾರೋ ಮುಂದಕ್ಕೆ ಕಳಿಸಿದ ಪ್ರತಿಗಂತೂ ಕೈ ಎಟುಕದು. ಹಾಗಾಗಿ ಮೊದಲು ಕಳಿಸಿದ ಗುಂಪುಗಳಿಗೆಲ್ಲ ಹೊಸ ಸಂದೇಶವನ್ನೇ ಕಳಿಸಬೇಕು.

ದಿನಾಂಕದ ತಪ್ಪು ಇದಕ್ಕಿಂತ ಕಾಟದ್ದು. ‘14, ಶನಿವಾರ’ ಎಂದು ಯಕ್ಷಗಾನದ ಪೋಸ್ಟರ್ ಅಚ್ಚಾಗಿದೆ, ಆದರೆ ಆ ತಿಂಗಳ 14 ಭಾನುವಾರ. ಅರ್ಧ ಜನ ವಾರ ನಂಬುತ್ತಾರೆ, ಅರ್ಧ ಜನ ತಾರೀಖು. ‘ದಿನಾಂಕದಲ್ಲಿ ತಿದ್ದುಪಡಿ’ ಎಂದಷ್ಟೇ ಬರೆದರೆ ಆಟವೇ ಮುಂದಕ್ಕೆ ಹೋಯಿತೆಂದು ತಿಳಿಯುವವರೂ ಇರುತ್ತಾರೆ. ‘ಆಟ 14ರ ಭಾನುವಾರವೇ, ರಾತ್ರಿ 9ಕ್ಕೆ, ಅದೇ ಮೈದಾನದಲ್ಲಿ. ಶನಿವಾರ ಎಂದಿದ್ದು ತಪ್ಪು’ ಎಂದು ಪೂರ್ತಿ ಬರೆಯಬೇಕು. ಬಸ್ ನಿಲ್ದಾಣದಲ್ಲಿ ಅಂಟಿಸಿದ ಪೋಸ್ಟರಿನ ಮೇಲೆ ಚೀಟಿ ಹಚ್ಚಬೇಕು, ಶನಿವಾರ ಸಂಜೆ ಮೈದಾನದ ಗೇಟಿನ ಬಳಿ ಒಬ್ಬರನ್ನು ನಿಲ್ಲಿಸಬೇಕು. ಫೋನ್ ನೋಡದೆ ಹೊರಟವರು ಅಲ್ಲಿಗೇ ಬರುತ್ತಾರೆ.