ಏರಿನಲ್ಲಿ ಎಲ್ ಬೋರ್ಡು

ಫೋಟೊ ತೆಗೆದದ್ದು ಹಿಂದಿನ ಸೀಟಿನಲ್ಲಿ ಕೂತಿದ್ದ ಮಗಳು. ಮುಂದಿನ ಎರಡು ಸೀಟುಗಳ ಸಂದಿಯಿಂದ ತೆಗೆದದ್ದರಿಂದ ನನ್ನ ಮುಖ ಅರ್ಧವೇ ಬಿದ್ದಿದೆ. ಬಾಯಿ ಮಾತ್ರ ಪೂರ್ತಿ ತೆರೆದಿದೆ. ಸ್ಟೇರಿಂಗನ್ನು ಹಿಡಿದ ರೀತಿ ನೋಡಿದರೆ ಬಾವಿಯಿಂದ ತುಂಬಿದ ಕೊಡ ಎಳೆಯುತ್ತಿದ್ದೇನೆ ಎನ್ನಬೇಕು. ಗಾಜಿನಾಚೆ ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ಲಿಗೆ ಹತ್ತುವ ರಸ್ತೆ. "ಅಮ್ಮ, ಇದಕ್ಕೊಂದು ಕ್ಯಾಪ್ಶನ್ ಹೇಳು, ಸ್ಟೇಟಸ್ ಹಾಕ್ತೇನೆ" ಎಂದಳು.

ನನಗೆ 51. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು 25 ವರ್ಷವಾಯಿತು. ಎಲ್‌ಎಲ್‌ಆರ್ ಮಾಡಿಸಲು ಹೋದಾಗಲೇ ವಯಸ್ಸು ಎದುರಿಗೆ ಬಂದು ನಿಂತಿತ್ತು: 40 ದಾಟಿದವರು ಡಾಕ್ಟರರ ಸಹಿಯಿರುವ ಫಾರಂ 1-ಎ ತರಬೇಕು. ಕಣ್ಣು, ಕಿವಿ, ಕೈಕಾಲು ಸರಿಯಿದೆ ಎಂದು ಡಾಕ್ಟರರು ಬರೆದುಕೊಟ್ಟರು. ಎಡಗಾಲಿಗೆ ಬುದ್ಧಿ ಇದೆಯೇ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಮತಟ್ಟಾದ ಮೈದಾನದಲ್ಲಿ ಎರಡು ವಾರ ಚೆನ್ನಾಗಿಯೇ ಓಡಿಸಿದೆ. ಮಂಗಳೂರಿನಲ್ಲಿ ಸಮತಟ್ಟು ಎಷ್ಟು ಹೊತ್ತು ಸಿಗುತ್ತದೆ? ಭಾನುವಾರ ಬೆಳಿಗ್ಗೆ ಕಲಿಸುವ ಹುಡುಗ ಏರಿನ ನಟ್ಟನಡುವೆ ಕಾರು ನಿಲ್ಲಿಸಲು ಹೇಳಿದ. "ಇನ್ನು ಹಿಂದೆ ಹೋಗದ ಹಾಗೆ ಮುಂದೆ ತೆಗೀರಿ, ಟೀಚರೇ."

ಲೆಕ್ಕ ನನಗೆ ಗೊತ್ತು. ಹತ್ತು ಅಡಿಗೆ ಒಂದು ಅಡಿ ಏರುವ ಕಡೆ 900 ಕಿಲೋ ತೂಗುವ ಕಾರನ್ನು ಇಳಿಜಾರು ಸುಮಾರು 90 ಕಿಲೋ ಭಾರದಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರಿಗೆ ಇಡುವಷ್ಟರಲ್ಲಿ ಅದಕ್ಕೆ ಪುರುಸೊತ್ತು ಸಿಕ್ಕಿತು. ಕಾರು ಹಿಂದೆ ಸರಿಯಿತು. ಗಾಬರಿಯಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟೆ. ಕಾರು ಒಮ್ಮೆ ಎಗರಿ ಆಫ್ ಆಯಿತು. ಎರಡನೇ ಸಲ ಆಫ್ ಆಗಬಾರದೆಂದು ಆಕ್ಸಿಲರೇಟರನ್ನು ಒತ್ತಿ ಹಿಡಿದೆ. ಎಂಜಿನ್ ಕಿರುಚಿತು, ಕಾರು ಕದಲಲಿಲ್ಲ, ರಬ್ಬರು ಸುಟ್ಟಂಥ ವಾಸನೆ ಬಂತು. "ಕ್ಲಚ್ ಪ್ಲೇಟ್ ಬೇಯ್ತಾ ಉಂಟು, ಮಾರಾಯ್ರೆ!" ಎಂದ.

ಹಿಂದೆ ಸಿಟಿ ಬಸ್ಸೊಂದು ಬಂದು ನಿಂತಿತು. ಮಂಗಳೂರಿನ ಬಸ್ಸಿನ ಹಾರ್ನಿಗೆ ಹೃದಯ ಒಂದು ಬಡಿತ ತಪ್ಪಿಸುತ್ತದೆ; ನನ್ನದು ಪಾಠವನ್ನೇ ತಪ್ಪಿಸಿತು.

ಹುಡುಗ ಹ್ಯಾಂಡ್‌ಬ್ರೇಕ್ ಎಳೆದ. "ಈಗ ಕಾರು ಎಲ್ಲಿಗೂ ಹೋಗುದಿಲ್ಲ. ಚಪ್ಪಲಿ ಬಿಚ್ಚಿ. ಎಡಗಾಲಿನ ಹಿಮ್ಮಡಿ ನೆಲದಲ್ಲೇ ಇರಲಿ, ಮುಂಗಾಲು ಮಾತ್ರ ಮೇಲೆ ಬರಲಿ. ಎಂತ ಆಗ್ತದೆ ಅಂತ ಕಾಲಿಗೆ ಗೊತ್ತಾಗ್ತದೆ."

ಫಸ್ಟ್ ಗೇರು ಹಾಕಿ ಬಲಗಾಲಿನಿಂದ ಸ್ವಲ್ಪವೇ ಆಕ್ಸಿಲರೇಟರ್ ಕೊಟ್ಟೆ. ಎಡಗಾಲು ಮೇಲೆ ಬಂತು, ಬಂತು, ಏನೂ ಆಗಲಿಲ್ಲ. ಹಾಫ್ ಕ್ಲಚ್ ಎಂದರೆ ಪೆಡಲಿನ ಅರ್ಧ ದಾರಿ ಎಂದುಕೊಂಡಿದ್ದೆ. ಅಲ್ಲ, ಅದು ಯಾವುದೋ ಒಂದು ಬೆರಳಗಲದ ಜಾಗ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಉಜ್ಜತೊಡಗುವುದು ಅಲ್ಲಿ. ಇದ್ದಕ್ಕಿದ್ದಂತೆ ಎಂಜಿನ್ನಿನ ದನಿ ತಗ್ಗಿತು, ಬಾನೆಟ್ಟಿನ ಮೂತಿ ಕೂದಲೆಳೆಯಷ್ಟು ಮೇಲೆದ್ದಿತು, ಅಂಗಾಲಿನ ಕೆಳಗೆ ಪೆಡಲು ನಡುಗಿತು. "ಅಲ್ಲೇ! ಕಾಲು ಅಲ್ಲೇ ಇರಲಿ. ಈಗ ಹ್ಯಾಂಡ್‌ಬ್ರೇಕ್ ಇಳಿಸಿ" ಎಂದವನು ಬಸ್ಸಿನ ಕಡೆ ತಿರುಗಿ, ತಡೆ ಎಂದು ಕೈ ಮಾಡಿದ.

ಇಳಿಸಿದೆ. ಕಾರು ಹಿಂದೆ ಹೋಗಲಿಲ್ಲ. ಕ್ಷಣ ಹೊತ್ತು ನಿಂತಲ್ಲೇ ನಿಂತು, ಆಮೇಲೆ ಗಬ್ಬದ ಹಸುವಿನ ಹಾಗೆ ಭಾರವಾಗಿ ಹೆಜ್ಜೆಯಿಟ್ಟಿತು. ಘರ್ಷಣೆ ಇಲ್ಲದೆ ಗಾಡಿ ಹೊರಡದು ಎಂದು 25 ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಅದು ಅಂಗಾಲಿಗೆ ತಾಗಿದ್ದು ಅಂದೇ. ಮಗಳು ಫೋಟೊ ತೆಗೆದದ್ದು ಆ ಗಳಿಗೆಯಲ್ಲಿ.

ಮೇಲೆ ತಲುಪಿ ಬದಿಗೆ ನಿಲ್ಲಿಸಿದಾಗ ಬಸ್ಸು ಒಂದು ಕೊನೆಯ ಹಾರ್ನು ಹಾಕಿ ಮುಂದೆ ಹೋಯಿತು. ಅದು ಅಭಿನಂದನೆ ಎಂದೇ ನಾನು ತಿಳಿದೆ. ಎದುರಿನ ಮೀಟರಿನ ಬಳಿ ಒಂದು ಕೆಂಪು ದೀಪವೂ ಉರಿಯುತ್ತಿತ್ತು. ಅದನ್ನೂ ಹಬ್ಬದ ದೀಪವೆಂದೇ ಲೆಕ್ಕ ಹಾಕಿರಬೇಕು.

ಫೋಟೊವನ್ನು ಹುಡುಗನೂ ನೋಡಿದ. ಎರಡು ಬೆರಳಲ್ಲಿ ದೊಡ್ಡದು ಮಾಡಿ ನನ್ನ ಮುಖವನ್ನು ಬದಿಗೆ ಸರಿಸಿ, ಆ ಕೆಂಪು ದೀಪದ ಮೇಲೆ ನಿಲ್ಲಿಸಿದ. ಆಮೇಲೆ ಹ್ಯಾಂಡ್‌ಬ್ರೇಕನ್ನು ಮುಟ್ಟಿ, ತುದಿಯ ಗುಂಡಿ ಒತ್ತಿ, ಇನ್ನೂ ಒಂದು ಹಲ್ಲು ಕೆಳಗಿಳಿಸಿದ. ದೀಪ ಆರಿತು.

"ಪೂರ್ತಿ ಇಳಿಸ್ಲಿಲ್ಲ, ಟೀಚರೇ. ಬ್ರೇಕ್ ಎಳ್ಕೊಂಡೇ ಹತ್ತಿಸಿದ್ದೀರಿ."

ಮಗಳಿಗೆ ಕ್ಯಾಪ್ಶನ್ ಸಿಕ್ಕಿತು. ನಾನು ಬರೆಸಿದ್ದು ಇಷ್ಟೇ: 'ಘರ್ಷಣೆ: ಪ್ರಾಯೋಗಿಕ ತರಗತಿ. ವಿದ್ಯಾರ್ಥಿನಿ ಎಡದಿಂದ ಎರಡನೆಯವಳು.' ಕಾರಿನಲ್ಲಿ ಮುಂದೆ ಇರುವುದು ಎರಡೇ ಸೀಟು.