ಒಂದು ಕಡಿತ, ಎರಡು ನಮೂದು

ವೃತ್ತಿಪರರಿಗೆ ಸಲ್ಲುವ ಶುಲ್ಕದಲ್ಲಿ ಒಂದು ಪಾಲನ್ನು ಹಣ ಕೊಡುವವರೇ ಹಿಡಿದುಕೊಂಡು, ಪಡೆಯುವವರ ಆದಾಯ ತೆರಿಗೆಯಾಗಿ ಸರ್ಕಾರಕ್ಕೆ ಕಟ್ಟುವುದೇ ಮೂಲದಲ್ಲಿ ತೆರಿಗೆ ಕಡಿತ, ಅಂದರೆ ಟಿಡಿಎಸ್. 1961ರ ಕಾಯ್ದೆಯಲ್ಲಿ ಇದು 194ಜೆ ಸೆಕ್ಷನ್ನಿನಲ್ಲಿತ್ತು. 2026ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ, ಸಂಬಳ ಬಿಟ್ಟು ಉಳಿದ ಪಾವತಿಗಳ ಕಡಿತವೆಲ್ಲ 393ನೇ ಸೆಕ್ಷನ್ನಿನಡಿ ಸೇರಿದೆ. ಇಲ್ಲಿನ ಉದಾಹರಣೆ 2025ರದ್ದು, ಆದ್ದರಿಂದ ಹಳೆಯ ಸಂಖ್ಯೆಗಳನ್ನೇ ಬಳಸಲಾಗಿದೆ.

ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿ ತನ್ನ ಹೊಸ ಶೆಡ್ಡಿನ ನಕ್ಷೆ ಮಾಡಿಸಲು ಒಬ್ಬ ಆರ್ಕಿಟೆಕ್ಟ್ ಜೊತೆ 80,000 ರೂಪಾಯಿಗೆ ಕರಾರು ಮಾಡಿಕೊಂಡಿದೆ ಎಂದುಕೊಳ್ಳೋಣ. ಕರಾರಿನಲ್ಲಿ ಅವರನ್ನು ಗುತ್ತಿಗೆದಾರ ಎಂದು ಕರೆದಿದ್ದರೂ ಕಡಿತದ ದರ ನಿಲ್ಲುವುದು ಕೆಲಸದ ಸ್ವರೂಪದ ಮೇಲೆ. ಶೆಡ್ ಕಟ್ಟಿಕೊಡುವ ವ್ಯಕ್ತಿಗೆ 194ಸಿ ಪ್ರಕಾರ ಶೇ. 1 ಸಾಕು, ನಕ್ಷೆ ಮಾಡಿಕೊಡುವ ವೃತ್ತಿಪರರಿಗೆ ಶೇ. 10. ವರ್ಷದ ಶುಲ್ಕ 50,000 ದಾಟದಿದ್ದರೆ ಕಡಿತವಿಲ್ಲ, ಇಲ್ಲಿ ದಾಟಿದೆ. ಆರ್ಕಿಟೆಕ್ಟ್ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ. ಮಾಡಿಸಿದ್ದು, ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೂ ಕಡಿತ ಶುಲ್ಕದ ಮೇಲೆ ಮಾತ್ರ.

ಜುಲೈ 18ರಂದು ಬಿಲ್ ಬಂತು, ಅಂದೇ ಹಣವೂ ಹೋಯಿತು. ಬ್ಯಾಂಕಿನಿಂದ ಹೋದದ್ದು 72,000. ಆದರೆ ಪುಸ್ತಕದಲ್ಲಿ ವೃತ್ತಿಪರ ಶುಲ್ಕದ ಖಾತೆಗೆ 80,000 ಡೆಬಿಟ್ ಆಗಬೇಕು. ಅದರ ಎದುರು ಬ್ಯಾಂಕ್ ಖಾತೆಗೆ 72,000, ‘ಪಾವತಿಸಬೇಕಾದ ಟಿಡಿಎಸ್’ ಖಾತೆಗೆ 8,000 ಕ್ರೆಡಿಟ್. ಕಂಪನಿ ಪಡೆದ ಸೇವೆಯ ಬೆಲೆ ಪೂರ್ತಿ 80,000. ಹಿಡಿದಿಟ್ಟ 8,000 ಉಳಿತಾಯವೂ ಅಲ್ಲ, ಕಂಪನಿಯ ತೆರಿಗೆಯೂ ಅಲ್ಲ. ಅದು ಆರ್ಕಿಟೆಕ್ಟ್ ಹೆಸರಿನಲ್ಲಿ ಸರ್ಕಾರಕ್ಕೆ ಸೇರಬೇಕಾದ ಹಣ, ಕಟ್ಟುವ ತನಕ ಕಂಪನಿಯ ಮೇಲಿರುವ ಸಾಲ.

ಈ ಸಾಲ ತೀರಿಸಲು ಮುಂದಿನ ತಿಂಗಳ 7ನೇ ತಾರೀಖಿನವರೆಗೆ ಅವಕಾಶ. ಮಾರ್ಚ್ ತಿಂಗಳ ಕಡಿತಕ್ಕೆ ಮಾತ್ರ ಏಪ್ರಿಲ್ 30. ಆಗಸ್ಟ್ 6ರಂದು 281ನೇ ಚಲನ್ ಮೂಲಕ ಕಟ್ಟಿದಾಗ ಎರಡನೇ ನಮೂದು ಬರುತ್ತದೆ: ‘ಪಾವತಿಸಬೇಕಾದ ಟಿಡಿಎಸ್’ ಖಾತೆಗೆ 8,000 ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಈ ನಮೂದಿನಲ್ಲಿ ಖರ್ಚಿನ ಖಾತೆಯ ಸುಳಿವೇ ಇರಬಾರದು.

ತಪ್ಪು ಹೆಚ್ಚಾಗಿ ನುಸುಳುವುದು ಇಲ್ಲೇ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಲೆಕ್ಕ ಬರೆಯುವವರು ಜುಲೈನಲ್ಲಿ 72,000 ಶುಲ್ಕ, ಆಗಸ್ಟಿನಲ್ಲಿ 8,000 ‘ತೆರಿಗೆ ಖರ್ಚು’ ಎಂದು ಬರೆದುಬಿಡುತ್ತಾರೆ. ಒಟ್ಟು ಮೊತ್ತ ಸರಿಯಾಗಿಯೇ ಕಾಣುತ್ತದೆ, ಆದರೆ ಜುಲೈ ಕೊನೆಯಲ್ಲಿದ್ದ ಸಾಲ ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ. ಇನ್ನು ಕೆಲವರು ಮೊದಲ ನಮೂದನ್ನು ಸರಿಯಾಗಿ ಬರೆದು, ಕಟ್ಟಿದಾಗ ಮತ್ತೆ ಖರ್ಚಿಗೆ ಹಾಕುತ್ತಾರೆ; ಆಗ ಖರ್ಚು 88,000 ಆಗುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಚಲನ್ ಕಟ್ಟಿದ ಮೇಲೆ ಜುಲೈ ತಿಂಗಳ ಬಾಬ್ತು ‘ಪಾವತಿಸಬೇಕಾದ ಟಿಡಿಎಸ್’ ಖಾತೆಯಲ್ಲಿ ಏನೂ ಉಳಿಯಬಾರದು. 8,000 ಕ್ರೆಡಿಟ್ ಹಾಗೇ ನಿಂತಿದ್ದರೆ ಒಂದೋ ಹಣ ಕಟ್ಟಿಲ್ಲ, ಇಲ್ಲವೇ ಕಟ್ಟಿದ್ದನ್ನು ಬೇರೆ ಖಾತೆಗೆ ಬರೆದಿದೆ.

ಪಾವತಿಯ ದಿನವೇ ಕಡಿತ ಎಂಬ ರೂಢಿಗೂ ಒಂದು ಮಿತಿಯಿದೆ. ಪಡೆಯುವವರ ಖಾತೆಗೆ ಮೊತ್ತ ಜಮಾ ಬರೆದ ದಿನ, ಹಣ ಕೊಟ್ಟ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಂದೇ ಕಡಿತ ಮಾಡಬೇಕೆನ್ನುತ್ತದೆ ಕಾನೂನು. ಇದೇ ಬಿಲ್ಲನ್ನು ಜೂನ್ 28ರಂದು ಪುಸ್ತಕಕ್ಕೆ ತೆಗೆದುಕೊಂಡಿದ್ದರೆ ಕಡಿತ ಜೂನಿನದಾಗುತ್ತಿತ್ತು, ಕಟ್ಟುವ ಗಡುವು ಜುಲೈ 7. ಹಣ ಕೊಡುವ 18ನೇ ತಾರೀಖಿಗೆ ಆ ಗಡುವು ಕಳೆದೇ ಹೋಗಿರುತ್ತಿತ್ತು.

ತಡವಾದರೆ ಬಡ್ಡಿಯೂ ಸೇರುತ್ತದೆ. ಹಿಡಿದ ಹಣವನ್ನು ಕಟ್ಟದಿದ್ದಕ್ಕೆ ತಿಂಗಳಿಗೆ ಶೇ. 1.5, ತಿಂಗಳ ಒಂದು ಭಾಗವೂ ಪೂರ್ತಿ ತಿಂಗಳೇ. ಎಣಿಕೆ ಗಡುವಿನಿಂದಲ್ಲ, ಕಡಿತ ಮಾಡಿದ ದಿನದಿಂದ. ಜುಲೈ 18ರಂದು ಹಿಡಿದ 8,000ವನ್ನು ಆಗಸ್ಟ್ 11ರಂದು ಕಟ್ಟಿದರೆ ತಡವಾದದ್ದು ನಾಲ್ಕೇ ದಿನ. ಆದರೂ ಇಲಾಖೆಯ ಲೆಕ್ಕದಲ್ಲಿ ಜುಲೈ, ಆಗಸ್ಟ್ ಎರಡೂ ತಿಂಗಳು ಸೇರಿ 240 ರೂಪಾಯಿ ಬಡ್ಡಿ. ಇದು ಮಾತ್ರ ಕಂಪನಿಯ ಸ್ವಂತ ಹೊರೆ, ಇದಕ್ಕೆ ಪ್ರತ್ಯೇಕ ಖಾತೆ ಬೇಕು.

ಆರ್ಕಿಟೆಕ್ಟ್ ತಮ್ಮ ಪುಸ್ತಕದಲ್ಲಿ ಆದಾಯವೆಂದು 80,000 ಬರೆದು, 8,000ವನ್ನು ಬರಬೇಕಾದ ಟಿಡಿಎಸ್ ಎಂದು ತೋರಿಸಬೇಕು. ಕೈಗೆ ಬಂದ 72,000ವನ್ನಷ್ಟೇ ಆದಾಯವೆಂದರೆ ರಿಟರ್ನ್ 26ಎಎಸ್ ಪಟ್ಟಿಗೆ ತಾಳೆಯಾಗುವುದಿಲ್ಲ. ಆ ಪಟ್ಟಿಯಲ್ಲಿ ಅವರ ಹೆಸರು ಮೂಡುವುದು ಚಲನ್ ಕಟ್ಟಿದ ಮಾತ್ರಕ್ಕಲ್ಲ. ಕಂಪನಿ ಅಕ್ಟೋಬರ್ 31ರೊಳಗೆ ಸಲ್ಲಿಸುವ 26ಕ್ಯೂ ತ್ರೈಮಾಸಿಕ ಪಟ್ಟಿಯಲ್ಲಿ ಅವರ ಪ್ಯಾನ್ ಸಂಖ್ಯೆ ಸರಿಯಾಗಿರಬೇಕು. ಒಂದಕ್ಷರ ತಪ್ಪಿದರೂ ಕಟ್ಟಿದ ತೆರಿಗೆ ಅವರ ಲೆಕ್ಕಕ್ಕೆ ಬರುವುದಿಲ್ಲ. ತಿದ್ದುಪಡಿ ಪಟ್ಟಿ ಸಲ್ಲಿಸಿ ಅದನ್ನು ಸರಿಪಡಿಸಬೇಕಾದವರು ಕಡಿತ ಮಾಡಿದವರೇ.